ಅಪ್ಪ ಹೋದ್ಮೇಲೆ ಅಳು ಬರ್ಲಿಲ್ಲ, ಬರೀ ಸಿಟ್ಟು ಬರ್ತಿದೆ

ಪ್ರಶ್ನೆ: ವಯಸ್ಸು 41. ಅಪ್ಪ ತೀರಿಕೊಂಡು ಎಂಟು ತಿಂಗಳಾಯ್ತು. ಇವತ್ತಿನವರೆಗೂ ಒಂದು ಹನಿ ಕಣ್ಣೀರು ಬಂದಿಲ್ಲ. ಆಸ್ಪತ್ರೆ ಓಡಾಟ, ಎಲ್ಲರಿಗೂ ಸಮಾಧಾನ ಹೇಳೋದು, ಎಲ್ಲ ನಾನೇ ಮಾಡ್ದೆ. ಈಗ ಚಿಕ್ಕ ಚಿಕ್ಕ ವಿಷಯಕ್ಕೂ ಮಗನ ಮೇಲೆ ರೇಗ್ತೀನಿ. ಹೆಂಡ್ತಿ "ಮನಸ್ಸಲ್ಲಿ ಏನಿದೆ ಹೇಳಿ" ಅಂತಾಳೆ, ನೋಡ್ಕೊಂಡ್ರೆ ಒಳಗೆ ಏನೂ ಇಲ್ಲ, ಖಾಲಿ. ಗಂಡು ಹುಡುಗ ಅಳಬಾರ್ದು ಅಂತ ಬೆಳೆಸಿದ್ದೂ ಅಪ್ಪನೇ. ಈ ವಯಸ್ಸಲ್ಲಿ ದುಃಖ ತೋಡ್ಕೊಳ್ಳೋದು ಕಲಿಯೋಕಾಗತ್ತಾ? ಹೇಗೆ?

ಉತ್ತರ: ರೇಗೋದರಿಂದಲೇ ಶುರು ಮಾಡೋಣ, ಯಾಕಂದ್ರೆ ನಿಮ್ಮ ದುಃಖ ಸದ್ಯಕ್ಕೆ ಅಲ್ಲೇ ಮನೆ ಮಾಡ್ಕೊಂಡಿದೆ ಅಂತ ನನ್ನ ಗುಮಾನಿ. ಮುಂದಿನ ಸಲ ಮಗನ ಮೇಲೆ ಕೂಗಾಡಿದಾಗ, ಕೂಗಾಡಿ ಮುಗಿದ್ಮೇಲೆ ಆದ್ರೂ ಪರವಾಗಿಲ್ಲ, ಅದಕ್ಕೆ ಮುಂಚಿನ ನಾಲ್ಕೈದು ಸೆಕೆಂಡನ್ನ ಮನಸ್ಸಲ್ಲೇ ಹಿಂದಕ್ಕೆ ಓಡಿಸಿ ನೋಡಿ. ಆಗ ಏನಾಗಿತ್ತು, ಕಿವಿಗೆ ಏನು ಬಿತ್ತು, ಕಣ್ಣಿಗೆ ಏನು ಬಿತ್ತು, ಗಂಟಲಲ್ಲಿ ಏನಾಯ್ತು. ಹೆಚ್ಚಿನವರಿಗೆ ಅಲ್ಲಿ ಒಂದು ಸಣ್ಣ ಬಿಗಿ ಸಿಗತ್ತೆ, ಗಂಟಲು ಕಟ್ಟಿದ ಹಾಗೆ ಅಥವಾ ಎದೆ ಮೇಲೆ ಏನೋ ಇಟ್ಟ ಹಾಗೆ, ಅದು ಬಂದು ಕಣ್ಣು ಮುಚ್ಚಿ ಬಿಡೋದ್ರೊಳಗೆ ಸಿಟ್ಟು ಬಂದು ಅದರ ಮೇಲೆ ಕೂತಿರತ್ತೆ. ಸಿಟ್ಟಿಗೆ ಬಾಗಿಲು ಯಾವಾಗ್ಲೂ ತೆರೆದೇ ಇತ್ತು ನೋಡಿ, ಗಂಡು ಹುಡುಗ ಸಿಟ್ಟು ಮಾಡ್ಕೊಂಡ್ರೆ ಯಾರೂ ನಾಚಿಕೆ ಆಗಲ್ವಾ ಅಂತ ಕೇಳ್ಲಿಲ್ಲ.

ಇನ್ನೊಂದು ಮಾತು, ಇದೇ ಕಾರಣ ಅಂತ ನಾನು ಹೇಳ್ತಿಲ್ಲ, ಸುಮ್ನೆ ನೋಡ್ಕೊಳ್ಳಿ. ನಿಮ್ಮ ಮಗ ದಿನಕ್ಕೆ ಹತ್ತು ಸಲ "ಅಪ್ಪಾ" ಅಂತ ಕೂಗ್ತಾನೆ. ಆ ಪದವನ್ನ ನೀವು ಬಾಯ್ಬಿಟ್ಟು ಯಾರಿಗಾದ್ರೂ ಹೇಳಿ ಎಂಟು ತಿಂಗಳಾಯ್ತು.

ಈಗ ಈ ಖಾಲಿ ಅನ್ನೋದರ ಬಗ್ಗೆ. ಆರು ತಿಂಗಳ ಕೂಸುಗಳನ್ನ ತಾಯಂದಿರ ಜೊತೆ ಕೂರಿಸಿ ಗಮನಿಸಿದ ಅಧ್ಯಯನಗಳಿವೆ, ಅಲ್ಲಿ ಗಂಡು ಕೂಸುಗಳು ಹೆಣ್ಣು ಕೂಸುಗಳಿಗಿಂತ ಕಡಿಮೆ ಅತ್ತವರಲ್ಲ, ಜಾಸ್ತಿನೇ ರಚ್ಚೆ ಹಿಡಿದವರು. ಅಂದ್ರೆ ಅಳೋ ಶಕ್ತಿ ಹುಟ್ಟುವಾಗ ಪೂರ್ತಿ ಇತ್ತು. ಆಮೇಲೆ ಆಗೋದು ಎರಡು ಹಂತದಲ್ಲಿ. ಮೊದಲು ಮುಖಕ್ಕೆ ಬ್ರೇಕ್ ಹಾಕೋದು ಕಲಿತೀವಿ, ತುಟಿ ನಡುಗಬಾರ್ದು, ಧ್ವನಿ ಒಡೀಬಾರ್ದು. ಎರಡನೇದು ಯಾರ ಕಣ್ಣಿಗೂ ಬೀಳಲ್ಲ, ಮಾತು ಕಲಿಯೋದೇ ತಪ್ಪಿಹೋಗತ್ತೆ. ಮಗಳು ಮಂಕಾಗಿದ್ರೆ ಅಪ್ಪ ಅಮ್ಮ "ಯಾಕಮ್ಮ, ಏನಾಯ್ತು, ಅವಳು ಹಾಗಂದಿದ್ದಕ್ಕೆ ನೋವಾಯ್ತಾ" ಅಂತ ಕೂತು ಮಾತಾಡಿಸ್ತಾರೆ, ಮಗ ಮಂಕಾಗಿದ್ರೆ "ಏಳು, ಹೋಗಿ ಆಟ ಆಡು" ಅಂತಾರೆ. ಇಪ್ಪತ್ತು ವರ್ಷ ಹೀಗೆ ನಡೆದ್ರೆ ಒಬ್ಬರ ಹತ್ರ ಐವತ್ತು ಪದ ಇರತ್ತೆ, ಇನ್ನೊಬ್ಬರ ಹತ್ರ ಎರಡು. ಭಾವನೆಗೆ ಪದವೇ ಸಿಗದಿರೋ ಸ್ಥಿತಿಗೆ ಮನಶ್ಶಾಸ್ತ್ರದಲ್ಲಿ ಅಲೆಕ್ಸಿಥೈಮಿಯಾ ಅಂತಾರೆ, 1970ರ ದಶಕದಲ್ಲಿ ಪೀಟರ್ ಸಿಫ್ನಿಯೋಸ್ ಅನ್ನೋ ಮನೋವೈದ್ಯರು ಕೊಟ್ಟ ಹೆಸರು. ರೊನಾಲ್ಡ್ ಲೆವಂಟ್ ಅನ್ನೋರು ಆಮೇಲೆ ಹೇಳಿದ್ದೇನಂದ್ರೆ ಗಂಡಸರಲ್ಲಿ ಇದರ ಸೌಮ್ಯ ರೂಪ ಎಷ್ಟು ಮಾಮೂಲು ಅಂದ್ರೆ ಅದನ್ನ ರೋಗ ಅನ್ನೋಕೂ ಆಗಲ್ಲ, ಬೆಳೆಸಿದ ರೀತಿಯ ಫಲ ಅಷ್ಟೇ. ಹಾಗಾಗಿ ಹೆಂಡ್ತಿ ಕೇಳಿದಾಗ "ಏನೂ ಇಲ್ಲ" ಅಂದ್ರಲ್ಲ, ನೀವು ಸುಳ್ಳು ಹೇಳಿಲ್ಲ. ಹೆಸರಿಲ್ಲದ್ದು ಹುಡುಕಿದ್ರೆ ಸಿಗಲ್ಲ.

ಮೈ ಮಾತ್ರ ಲೆಕ್ಕ ಇಟ್ಟಿರತ್ತೆ. 1990ರ ದಶಕದಲ್ಲಿ ಜೇಮ್ಸ್ ಗ್ರಾಸ್ ಮತ್ತು ರಾಬರ್ಟ್ ಲೆವೆನ್ಸನ್ ಮಾಡಿದ ಪ್ರಯೋಗ ನನಗೆ ಬಹಳ ಇಷ್ಟ, ತುಂಬ ಸರಳ. ದುಃಖದ ಸಿನಿಮಾ ತುಣುಕು ತೋರಿಸಿ ಒಂದಷ್ಟು ಜನಕ್ಕೆ ಸುಮ್ನೆ ನೋಡಿ ಅಂದ್ರು, ಇನ್ನೊಂದಷ್ಟು ಜನಕ್ಕೆ ಮುಖದಲ್ಲಿ ಏನೂ ಗೊತ್ತಾಗಬಾರ್ದು ಅಂದ್ರು. ಮುಚ್ಚಿಟ್ಟವರ ಮುಖದಲ್ಲಿ ದುಃಖ ಕಾಣಿಸ್ಲಿಲ್ಲ ನಿಜ, ಒಳಗಿನ ದುಃಖ ಮಾತ್ರ ಒಂದಿಷ್ಟೂ ಕಮ್ಮಿ ಆಗಿರ್ಲಿಲ್ಲ, ಮೇಲಿಂದ ಹೃದಯ ರಕ್ತನಾಳದ ಕಡೆ ನೋಡಿದ್ರೆ ಅವರ ಮೈ ಉಳಿದವರಿಗಿಂತ ಜಾಸ್ತಿ ದುಡೀತಿತ್ತು. ಅಂದ್ರೆ ಅದುಮಿಡೋದು ಅನ್ನೋದು ಒಂದು ಕೆಲಸ, ಸದ್ದಿಲ್ಲದೆ ದಿನವಿಡೀ ನಡೆಯೋ ಕೆಲಸ. ಸಂಜೆ ಹೊತ್ತಿಗೆ ಯಾಕೆ ಸುಸ್ತು, ಯಾಕೆ ತಾಳ್ಮೆ ಇಲ್ಲ ಅಂತ ನೀವೇ ನಿಮ್ಮನ್ನ ಕೇಳ್ಕೊಂಡಿದ್ರೆ ಉತ್ತರದ ಒಂದು ಭಾಗ ಇದು.

ಸರಿ, ಹೇಗೆ ಕಲಿಯೋದು. "ಮನಸ್ಸು ಬಿಚ್ಚಿ ಮಾತಾಡಿ" ಅಂತ ಹೇಳೋ ಸಲಹೆ ನನಗೆ ಹಿಡಿಸಲ್ಲ, ಅದು ಈಜು ಬರದವನಿಗೆ ಬಾವಿ ತೋರಿಸಿದ ಹಾಗೆ. ನಾನು ಆಪ್ತಸಮಾಲೋಚನೆ ಮಾಡೋಕೆ ಶುರು ಮಾಡಿದ ಹೊಸದ್ರಲ್ಲಿ ಗಂಡಸರು ಬಂದು ಕೂತ ತಕ್ಷಣ "ನಿಮಗೆ ಏನನ್ಸತ್ತೆ" ಅಂತ ಕೇಳ್ತಿದ್ದೆ, ಅವರು ಗೋಡೆ ಗಡಿಯಾರ ನೋಡ್ತಿದ್ರು, ಎರಡನೇ ಸಲ ಬರ್ತಿರ್ಲಿಲ್ಲ. ಈಗ ಮೂರು ಮೆಟ್ಟಿಲಲ್ಲಿ ಹೋಗ್ತೀನಿ, ಮೈ, ಆಮೇಲೆ ಪದ, ಕೊನೆಗೆ ಒಂದೇ ಒಂದು ವಾಕ್ಯ.

ಮೈ ಅನ್ನೋದು ಸುಲಭ, ಯಾಕಂದ್ರೆ ಗಂಡಸರಿಗೆ ಮೈ ಬಗ್ಗೆ ಹೇಳೋಕೆ ಸಂಕೋಚ ಇಲ್ಲ. ದಿನಕ್ಕೆ ಎರಡು ಸಲ, ಬೇಕಿದ್ರೆ ಫೋನಲ್ಲಿ ಅಲಾರ್ಮ್ ಇಟ್ಕೊಳ್ಳಿ, ಅರ್ಧ ನಿಮಿಷ ದವಡೆ, ಗಂಟಲು, ಎದೆ, ಹೊಟ್ಟೆ ಈ ನಾಲ್ಕು ಕಡೆ ಗಮನ ಕೊಡಿ. ಬಿಗಿ ಇದ್ಯಾ, ಭಾರ ಇದ್ಯಾ, ಏನೂ ಇಲ್ವಾ. ಏನಾದ್ರೂ ಇದ್ರೆ ಅದಕ್ಕೆ ಮುಂಚೆ ಏನಾಗಿತ್ತು ಅಂತ ಒಂದು ಸಾಲು ನೋಟ್ ಮಾಡಿ, ವಿಶ್ಲೇಷಣೆ ಬೇಡ. "11.20, ಗಂಟಲು ಬಿಗಿ, ಅಪ್ಪನ ವಯಸ್ಸಿನವರೊಬ್ಬರು ಬಸ್ ಹತ್ತೋಕೆ ಕಷ್ಟಪಡ್ತಿದ್ರು." ಇಷ್ಟೇ. ಹತ್ತು ಹದಿನೈದು ದಿನದಲ್ಲಿ ಖಾಲಿ ಅಂದ್ಕೊಂಡಿದ್ದ ಜಾಗದಲ್ಲಿ ಒಂದು ನಕ್ಷೆ ಕಾಣೋಕೆ ಶುರು ಆಗತ್ತೆ.

ಪದದ ವಿಷಯಕ್ಕೆ ಬಂದ್ರೆ ನಮ್ಮ ಭಾಷೆಲಿ ಒಂದು ತೊಂದರೆ ಇದೆ, ಅದರ ಹೆಸರು ಬೇಜಾರು. ಹೊತ್ತು ಹೋಗ್ದಿದ್ರೂ ಬೇಜಾರು, ಮನಸ್ಸಿಗೆ ನೋವಾದ್ರೂ ಬೇಜಾರು, ಯಾರಾದ್ರೂ ಸತ್ರೂ ಬೇಜಾರು, ನೆಟ್‌ವರ್ಕ್ ಸಿಗ್ದಿದ್ರೂ ಬೇಜಾರು. ಅದರ ಜೊತೆಗಾರ ಟೆನ್ಷನ್. ಈ ಎರಡರಲ್ಲೇ ಜೀವನ ಸಾಗಿಸೋ ಗಂಡಸರನ್ನ ನಾನು ದಿನಾ ನೋಡ್ತೀನಿ. ಆದ್ರೆ ಕನ್ನಡದಲ್ಲಿ ದುಃಖಕ್ಕೆ ಎಷ್ಟು ಒಳ್ಳೊಳ್ಳೆ ಪದ ಇದೆ ಅಂದ್ರೆ, ಕೊರಗು ಅಂದ್ರೆ ಮಾಡದೇ ಉಳಿದಿದ್ದು ಒಳಗೊಳಗೇ ತಿನ್ನೋದು, ಸಂಕಟ ಹೊಟ್ಟೆಲಿ ಹುಟ್ಟತ್ತೆ, ಮನೆ ಬಿಕೋ ಅನ್ನತ್ತೆ, ಕರುಳು ಚುರುಕ್ ಅನ್ನತ್ತೆ, ತಬ್ಬಲಿ ಆದೆ ಅನ್ಸತ್ತೆ. 41 ವರ್ಷದವನಿಗೆ, ಹೆಂಡ್ತಿ ಮಕ್ಕಳು ಇರೋನಿಗೆ, ತಬ್ಬಲಿ ಅನ್ಸೋದು ನಗೆಪಾಟಲಿನ ವಿಷಯ ಅಲ್ಲ. ನೀವು ಬರೆದ ಒಂದೊಂದು ಸಾಲಿನ ಮುಂದೆ ಬೇಜಾರು, ಟೆನ್ಷನ್ ಎರಡನ್ನೂ ಬಿಟ್ಟು ಬೇರೆ ಒಂದು ಪದ ಹಾಕಿ ನೋಡಿ, ಸರಿ ಹೊಂದಿಲ್ಲ ಅಂದ್ರೆ ಬದಲಾಯ್ಸಿ. ಸರಿಯಾದ ಪದ ಸಿಕ್ಕಾಗ ಗೊತ್ತಾಗತ್ತೆ, ಗಂಟಲು ಒಮ್ಮೆ ಇನ್ನೂ ಬಿಗಿಯಾಗಿ ಆಮೇಲೆ ಸಡಿಲ ಆಗತ್ತೆ. ಭಾವನೆಗೆ ಹೆಸರು ಹಚ್ಚಿದಾಗ ಮೆದುಳಲ್ಲಿ ಅಪಾಯದ ಗಂಟೆ ಹೊಡೆಯೋ ಭಾಗ, ಅಮಿಗ್ಡಲ ಅಂತಾರೆ, ಅದರ ಸದ್ದು ಕಮ್ಮಿ ಆಗತ್ತೆ ಅಂತ 2007ರಲ್ಲಿ ಸ್ಕ್ಯಾನ್ ಇಟ್ಟು ತೋರಿಸಿದ್ದಾರೆ.

ಬರೆಯೋದರ ಬಗ್ಗೆ ಒಂದು ಎಚ್ಚರಿಕೆ. 1986ರಲ್ಲಿ ಜೇಮ್ಸ್ ಪೆನ್ನೆಬೇಕರ್ ಶುರು ಮಾಡಿದ ಪದ್ಧತಿ ಒಂದಿದೆ, ದಿನಕ್ಕೆ 15 ನಿಮಿಷ, ನಾಲ್ಕು ದಿನ, ಮನಸ್ಸಿಗೆ ಘಾಸಿ ಆಗಿದ್ದನ್ನ ನಿಲ್ಲಿಸದೆ ಬರೆಯೋದು. ಎಲ್ಲ ಕಡೆ ಇದನ್ನ ರಾಮಬಾಣ ಅಂತ ಹೇಳ್ತಾರೆ. ಹೇಳದೇ ಇರೋದು ಏನಂದ್ರೆ ಬರೆದು ಎದ್ದ ತಕ್ಷಣ ಮನಸ್ಸು ಇನ್ನೂ ಭಾರ ಆಗತ್ತೆ, ಸರಾಸರಿ ಲಾಭ ಸಣ್ಣದು, ಮತ್ತೆ ಹತ್ತಿರದವರನ್ನ ಕಳ್ಕೊಂಡವರ ಮೇಲೆ ಮಾಡಿದ ಪ್ರಯೋಗದಲ್ಲಿ ದುಃಖ ಬೇಗ ಇಳಿದಿದ್ದು ಕಂಡುಬಂದಿಲ್ಲ. ಅದಕ್ಕೇ ನಾನು ನಿಮಗೆ ಹೇಳ್ತಿರೋದು ಒಂದು ಸಾಲು, ಪದ ಹುಡುಕೋ ಅಭ್ಯಾಸಕ್ಕೆ, ಅಷ್ಟೇ. ರಾತ್ರಿ ಹನ್ನೊಂದಕ್ಕೆ ಕೂತು ಹತ್ತು ಪುಟ ಬರೀಬೇಡಿ.

ಇದು ಹೇಗೆ ನಡೆಯತ್ತೆ ಅಂತ ಒಬ್ಬರ ಉದಾಹರಣೆ ಹೇಳ್ತೀನಿ, ಗುರುತು ಸಿಗದ ಹಾಗೆ ವಿವರ ಬದಲಾಯ್ಸಿದೀನಿ. ಐವತ್ತರ ಹತ್ತಿರದವರು, ಎದೆ ಹಿಡ್ಕೊಂಡ ಹಾಗೆ ಆಗತ್ತೆ ಅಂತ ಎಲ್ಲ ಟೆಸ್ಟ್ ಮಾಡಿಸಿ, ಎಲ್ಲ ನಾರ್ಮಲ್ ಬಂದು, ಡಾಕ್ಟರ್ ಹೇಳಿದ್ರು ಅಂತ ಅರೆಮನಸ್ಸಲ್ಲಿ ನನ್ನ ಹತ್ರ ಬಂದವರು. ಅವರ ಅಣ್ಣ ಆರು ತಿಂಗಳ ಹಿಂದೆ ತೀರಿಕೊಂಡಿದ್ರು. ದುಃಖದ ಬಗ್ಗೆ ಕೇಳಿದ್ರೆ "ಆಯ್ತು, ಹೋಗಾಯ್ತು, ಏನ್ ಮಾಡೋಕಾಗತ್ತೆ" ಅಂದ್ರು. ಮನೇಲಿ ಏನಕ್ಕೆ ಜಗಳ ಅಂತ ಕೇಳಿದಾಗ ಮಾತ್ರ ವಿಷಯ ಬಂತು, ಬೈಕ್. ಅಣ್ಣನ ಹಳೇ ಬೈಕು ಇವರ ಮನೇಲಿ ನಿಂತಿತ್ತು, ಹೆಂಡ್ತಿ ಮಾರಿಬಿಡೋಣ ಅಂದಿದ್ದಕ್ಕೆ ತಟ್ಟೆ ತಳ್ಳಿ ಎದ್ದು ಹೋಗಿದ್ರಂತೆ. ದಿನಾ ಬೆಳಿಗ್ಗೆ ಅದನ್ನ ಸ್ಟಾರ್ಟ್ ಮಾಡಿ ಐದು ನಿಮಿಷ ಓಡಿಸಿ ಆಫ್ ಮಾಡ್ತಿದ್ರು. ಯಾಕೆ ಸಾರ್ ಅಂದೆ. "ಬ್ಯಾಟರಿ ಡೌನ್ ಆಗಬಾರ್ದು, ಅಷ್ಟೇ."

ಇಲ್ಲಿ ಒಂದು ಅಂಶ ಗಮನಿಸಬೇಕು. ದುಃಖಪಡೋಕೆ ಅಳು, ಮಾತು ಎರಡೇ ದಾರಿ ಅಲ್ಲ, ಕೆಲಸ ಮಾಡ್ತಾ ದುಃಖಪಡೋ ಜನ ಇದ್ದಾರೆ. ಸಾವಿನ ದುಃಖದ ಬಗ್ಗೆ ಅಧ್ಯಯನ ಮಾಡಿದ ಕೆನೆತ್ ಡೋಕಾ ಮತ್ತು ಟೆರಿ ಮಾರ್ಟಿನ್ ಇದನ್ನ ಚೆನ್ನಾಗಿ ವಿವರಿಸಿದ್ದಾರೆ, ಇದು ಗಂಡಸರಲ್ಲಿ ಜಾಸ್ತಿ ಆದ್ರೂ ಹೆಂಗಸರಲ್ಲೂ ಇದೆ, ಇದರಲ್ಲಿ ತಪ್ಪೇನಿಲ್ಲ. ನೀವು ಆಸ್ಪತ್ರೆ ಓಡಾಟ ಎಲ್ಲ ಹೊತ್ಕೊಂಡಿದ್ದೂ ಅಪ್ಪನ ಮೇಲಿನ ಪ್ರೀತಿನೇ, ಕಲ್ಲು ಹೃದಯ ಅಂತ ನಿಮ್ಮನ್ನ ನೀವು ಬೈಕೋಬೇಡಿ. ಹಾಗಾದ್ರೆ ಇದು ದುಃಖನಾ ಇಲ್ಲ ದುಃಖದಿಂದ ತಪ್ಪಿಸ್ಕೊಳ್ಳೋದಾ ಅಂತ ಹೇಗೆ ಗೊತ್ತಾಗತ್ತೆ? ನಾನು ನೋಡೋದು ಕೆಲಸ ಮುಗಿದ್ಮೇಲೆ ಏನಾಗತ್ತೆ ಅಂತ. ಮುಗಿದಾಗ ಹೋದವರು ಹತ್ತಿರ ಬಂದ ಹಾಗೆ, ಮನಸ್ಸು ಸ್ವಲ್ಪ ಮೆತ್ತಗಾದ ಹಾಗೆ ಆದ್ರೆ ಅದು ದುಃಖದ ದಾರಿನೇ. ಮುಗಿಯೋ ಮುಂಚೆನೇ ಇನ್ನೊಂದು ಕೆಲಸ ಹುಡುಕ್ತಿದ್ರೆ, ಯಾರಾದ್ರೂ ಅಡ್ಡ ಬಂದ್ರೆ ಮೈಯೆಲ್ಲ ಉರಿದ್ರೆ, ಅದು ಓಡೋದು.

ಅವರದ್ದು ಎರಡೂ ಬೆರೆತಿತ್ತು. ನಾನು ಅಳಿ ಅಂತ ಹೇಳ್ಲಿಲ್ಲ, ಬೈಕ್ ಬಿಡಿ ಅಂತಲೂ ಹೇಳ್ಲಿಲ್ಲ, ನಾಳೆಯಿಂದ ಆಫ್ ಮಾಡಿದ್ಮೇಲೆ ಒಂದು ನಿಮಿಷ ಅಲ್ಲೇ ಕೂತಿರಿ, ಮೈಯಲ್ಲಿ ಏನಾಗತ್ತೆ ನೋಡಿ ಅಂದೆ. ಮೊದಲ ವಾರ "ಏನೂ ಇಲ್ಲ ಸಾರ್." ಎರಡನೇ ವಾರ "ಗಂಟಲು ಹಿಡಿಯತ್ತೆ." ಮೂರನೇ ವಾರ ಬಂದು ಕೂತು, ಷರ್ಟಿನ ಕೊನೆ ಗುಂಡಿ ತಿರುಗಿಸ್ತಾ ತಿರುಗಿಸ್ತಾ, ನನ್ನ ಮುಖ ನೋಡದೆ ಹೇಳಿದ್ರು, "ಆ ಸದ್ದು ಇದ್ಯಲ್ಲ, ಸಂಜೆ ಆ ಸದ್ದು ಕೇಳಿದ್ರೆ ಅಣ್ಣ ಬಂದ ಅಂತ ಲೆಕ್ಕ. ಸ್ಟಾರ್ಟ್ ಮಾಡ್ದಾಗ ಅವನು ಬಂದ ಹಾಗಾಗತ್ತೆ. ಆಫ್ ಮಾಡಿದ್ರೆ ಮತ್ತೆ ಹೋಗ್ತಾನೆ." ಅಳ್ಲಿಲ್ಲ. ಎರಡು ಸಲ ಉಗುಳು ನುಂಗಿದ್ರು. ನನ್ನ ಲೆಕ್ಕದಲ್ಲಿ ಅವತ್ತು ಆಗಬೇಕಾಗಿದ್ದು ಅಷ್ಟೇ. ಮನೆಗೆ ಹೋಗಿ ಅದೇ ಮೂರು ವಾಕ್ಯ ಹೆಂಡ್ತಿಗೂ ಹೇಳಿ ಅಂದೆ, ಹೇಳೋಕೆ ಇನ್ನೂ ಒಂಬತ್ತು ದಿನ ತಗೊಂಡ್ರು.

ಮೂರನೇ ಮೆಟ್ಟಿಲು ಅದೇ, ಒಬ್ಬರಿಗೆ ಒಂದು ವಾಕ್ಯ. ಎಲ್ಲ ಹೇಳ್ಬೇಕು ಅಂತ ಹೊರಟ್ರೆ ಏನೂ ಹೇಳಲ್ಲ. ನೋಟ್ ಮಾಡಿದ್ದರಲ್ಲಿ ಒಂದು ಸಾಲು ಆರಿಸ್ಕೊಳ್ಳಿ, ಎದುರಾಬದುರಾ ಕೂತು ಕಣ್ಣಲ್ಲಿ ಕಣ್ಣಿಟ್ಟು ಹೇಳೋದು ಬೇಡ, ಪಕ್ಕ ಪಕ್ಕ ನಡೀವಾಗ, ಗಾಡಿ ಓಡಿಸ್ವಾಗ, ರಾತ್ರಿ ಲೈಟ್ ಆರಿಸಿದ್ಮೇಲೆ, ಮುಖ ಕಾಣದ ಕಡೆ ಗಂಡಸರ ಬಾಯಿ ಬೇಗ ಬಿಡತ್ತೆ. ಮುಂಚೆನೇ ಹೇಳ್ಬಿಡಿ, "ಒಂದು ವಿಷಯ ಹೇಳ್ತೀನಿ, ನೀನು ಏನೂ ಸರಿ ಮಾಡೋದು ಬೇಡ, ಕೇಳಿಸ್ಕೊಂಡ್ರೆ ಸಾಕು." ಇದನ್ನ ಬಿಟ್ರೆ ಏನಾಗತ್ತೆ ಅಂದ್ರೆ ಕೇಳೋರು ಗಾಬರಿ ಆಗಿ ಪರಿಹಾರ ಕೊಡೋಕೆ ಶುರು ಮಾಡ್ತಾರೆ, ಅಥವಾ ನಿಮ್ಮ ಹೆಂಡ್ತಿನೇ ಅತ್ತುಬಿಡ್ತಾರೆ, ಆಗ ನೀವು ಅಭ್ಯಾಸಬಲದಿಂದ ಅವರನ್ನ ಸಮಾಧಾನ ಮಾಡೋಕೆ ಕೂತು ನಿಮ್ಮ ಮಾತು ಅಲ್ಲಿಗೇ ನಿಲ್ಲತ್ತೆ. ಅವರು ಅತ್ರೆ ಅಳ್ಲಿ ಬಿಡಿ, ಕೈ ಹಿಡ್ಕೊಂಡು ನಿಮ್ಮ ವಾಕ್ಯ ಮುಗಿಸಿ.

ಮಾರನೇ ದಿನ ಒಂಥರಾ ನಾಚಿಕೆ ಆಗತ್ತೆ, ಯಾಕಾದ್ರೂ ಹೇಳ್ದೆನೋ ಅನ್ಸತ್ತೆ, ಕೆಲವರಿಗೆ ಕೇಳಿದವರ ಮೇಲೇ ಸಿಟ್ಟು ಬರತ್ತೆ. ಇದು ಬಹುತೇಕ ಎಲ್ಲರಿಗೂ ಆಗೋದು, ಹಳೇ ಪಾಠ ಅಷ್ಟು ಸುಲಭಕ್ಕೆ ಬಿಡಲ್ಲ, ಒಂದೆರಡು ದಿನದಲ್ಲಿ ಇಳಿಯತ್ತೆ. ಆ ಎರಡು ದಿನದಲ್ಲಿ "ಅವತ್ತು ಸುಮ್ನೆ ಏನೋ ಅಂದೆ" ಅಂತ ಮಾತು ವಾಪಸ್ ತಗೋಬೇಡಿ. ಇನ್ನು ಕುಡಿದು ಹೇಳ್ಕೊಳ್ಳೋದು, ನಾಲಿಗೆ ಸಡಿಲ ಆಗತ್ತೆ ನಿಜ, ಬೆಳಿಗ್ಗೆ ಎದ್ದಾಗ ಕಲಿತಿದ್ದು ಏನೂ ಉಳಿದಿರಲ್ಲ, ನಾಚಿಕೆ ಮಾತ್ರ ಡಬಲ್.

ಮಗನ ವಿಷಯ. ರೇಗಿದ್ಮೇಲೆ ಹತ್ತು ನಿಮಿಷ ಬಿಟ್ಟು ಹೋಗಿ, "ನಿನ್ ಮೇಲೆ ಸಿಟ್ಟಲ್ಲ ಕಣೋ, ತಾತನ ನೆನಪಾಗಿ ಸಂಕಟ ಆಗ್ತಿತ್ತು, ಕೂಗಿದ್ದು ತಪ್ಪು" ಅಂದ್ರೆ ಸಾಕು. ಎರಡು ವಾಕ್ಯಕ್ಕಿಂತ ಜಾಸ್ತಿ ಬೇಡ, ಮಗು ನಿಮ್ಮ ಭಾರ ಹೊರೋ ಜಾಗ ಅಲ್ಲ, ಅವನಿಗೆ ಬೇಕಾಗಿರೋದು ಅಪ್ಪ ಯಾಕೆ ಕೂಗಿದ ಅನ್ನೋದಕ್ಕೆ ಕಾರಣ. ಇಲ್ಲಾಂದ್ರೆ ಅವನೇ ಒಂದು ಕಾರಣ ಮಾಡ್ಕೋತಾನೆ, ಸಾಮಾನ್ಯವಾಗಿ ಅದು "ನಾನು ಸರಿ ಇಲ್ಲ" ಅಂತ ಇರತ್ತೆ.

ನಿಮ್ಮ ಅಪ್ಪನ ಬಗ್ಗೆ ಬರೆದ ಒಂದು ವಾಕ್ಯ ನನ್ನನ್ನ ಕಾಡ್ತು. ಯಾರಿಗಾಗಿ ಅಳಬೇಕೋ ಅವರೇ ಅಳಬೇಡ ಅಂದವರು. ಇಂಥ ಕಡೆ ದುಃಖದ ಜೊತೆ ಒಂದು ಸಿಟ್ಟೂ ಇರತ್ತೆ, ನಿಜವಾದ ಸಿಟ್ಟು, ಅಪ್ಪನ ಮೇಲೆ. ಸತ್ತವರ ಮೇಲೆ ಸಿಟ್ಟು ಮಾಡ್ಕೊಳ್ಳೋದು ತಪ್ಪು ಅಂತ ಅದನ್ನ ಅದುಮಿದ್ರೆ ದುಃಖನೂ ಜೊತೆಗೇ ಅದುಮಿ ಹೋಗತ್ತೆ, ಎರಡೂ ಒಂದೇ ಗಂಟಲಲ್ಲಿ ಬರೋದು. ಅದಕ್ಕೂ ಒಂದು ಸಾಲು ಬರೀರಿ. "ನನ್ನ ಹತ್ರ ಒಂದು ಸಲನೂ ಮನಸ್ಸು ಬಿಚ್ಚಿ ಮಾತಾಡ್ದೆ ಹೋದ್ರಿ." ಅವರಿಗೂ ಯಾರೋ ಕಲಿಸಿದ್ದೇ ತಾನೆ ಅನ್ನೋ ಸಮಾಧಾನ ಆಮೇಲೆ ಬಂದ್ರೆ ಬರ್ಲಿ, ಮುಂಚೆನೇ ತಂದು ಸಿಟ್ಟಿನ ಬಾಯಿ ಮುಚ್ಚಬೇಡಿ.

ಕಣ್ಣೀರು ಬಂದೇ ಬರಬೇಕು ಅಂತಿಲ್ಲ. ಕೆಲವರಿಗೆ ವರ್ಷ ಆದ್ಮೇಲೆ ಎಲ್ಲೋ ಟ್ರಾಫಿಕ್ಕಲ್ಲಿ ನಿಂತಾಗ ಬರತ್ತೆ, ಕೆಲವರಿಗೆ ಬರಲ್ಲ. ಬಂತೋ ಇಲ್ವೋ ಅಂತ ಕಾಯ್ತಾ ಕೂತ್ರೆ ಅದೂ ಒಂದು ಪರೀಕ್ಷೆ ಆಗ್ಬಿಡತ್ತೆ. ಕಲಿಕೆ ನಡೀತಿದ್ಯಾ ಅಂತ ನೋಡೋಕೆ ರೇಗೋದನ್ನ ಅಳೀರಿ. ಆರೆಂಟು ವಾರದಲ್ಲಿ ಕೂಗಾಟ ಪೂರ್ತಿ ನಿಲ್ಲಲ್ಲ, ಆದ್ರೆ ಕೂಗೋ ಮುಂಚೆ ಗಂಟಲು ಬಿಗಿ ಆಗಿದ್ದು ನಿಮಗೇ ಗೊತ್ತಾಗೋಕೆ ಶುರು ಆಗಿರಬೇಕು.

ಅದೂ ಆಗ್ಲಿಲ್ಲ ಅಂದ್ರೆ, ಅಥವಾ ಎರಡು ವಾರಕ್ಕಿಂತ ಜಾಸ್ತಿ ದಿನ ನಿದ್ದೆ ಕೆಟ್ಟು, ಯಾವುದ್ರಲ್ಲೂ ಆಸಕ್ತಿ ಇಲ್ದೆ, ಕುಡಿತ ಏರ್ತಾ, ಗಾಡಿ ಹುಚ್ಚಾಪಟ್ಟೆ ಓಡಿಸ್ತಾ ಇದ್ರೆ ಇದು ಬರೀ ಅಭ್ಯಾಸದಿಂದ ಸರಿ ಹೋಗೋದಲ್ಲ, ಖಿನ್ನತೆ ಇರಬಹುದು, ಗಂಡಸರಲ್ಲಿ ಅದು ಎಷ್ಟೋ ಸಲ ಅಳು ಮುಖ ಹಾಕ್ಕೊಂಡು ಬರೋದೇ ಇಲ್ಲ, ಸಿಡುಕಾಗಿ ಬರತ್ತೆ. ಸಾವಿನ ದುಃಖ ಆರು ತಿಂಗಳು ದಾಟಿದ್ಮೇಲೂ ದಿನಾ ಮೊದಲಿನಷ್ಟೇ ತೀವ್ರವಾಗಿ ಹಿಡಿದಿಟ್ಟು ಬದುಕು ನಡೆಸೋಕೇ ಬಿಡದಿದ್ರೆ ಅದಕ್ಕೂ ಈಗ ಬೇರೆ ಚಿಕಿತ್ಸೆ ಇದೆ. ಬದುಕೇ ಬೇಡ ಅನ್ನೋ ಯೋಚನೆ ಒಂದು ಸಲ ಬಂದ್ರೂ ಅವತ್ತೇ ಮನೆಯವರಿಗೆ ಹೇಳಿ, ಅವತ್ತೇ ಡಾಕ್ಟರ್ ಹತ್ರ ಹೋಗಿ, ನಾಳೆಗೆ ಇಡಬೇಡಿ. ಡಾಕ್ಟರ್ ಮುಂದೆ ಕೂತಾಗ ತಲೆನೋವು, ಸುಸ್ತು ಅಂತ ಶುರು ಮಾಡಿ ಅಲ್ಲೇ ನಿಲ್ಲಿಸೋದು ಗಂಡಸರ ಚಾಳಿ, ಅವರು ತಲೆನೋವಿನ ಮಾತ್ರೆ ಕೊಟ್ಟು ಕಳಿಸ್ತಾರೆ. ಮೊದಲ ವಾಕ್ಯದಲ್ಲೇ "ಎಂಟು ತಿಂಗಳ ಹಿಂದೆ ಅಪ್ಪ ತೀರಿಕೊಂಡ್ರು, ಅವತ್ತಿಂದ ಸಿಟ್ಟು ಹಿಡಿತಕ್ಕೆ ಬರ್ತಿಲ್ಲ" ಅಂತ ಹೇಳಿ, ತಲೆನೋವು ಆಮೇಲೆ.